‘ಬಹುದು’ ಎಂಬುದರ ತೂಕ: ಎಂಜಿನಿಯರಿಂಗ್ ಪ್ರಬಂಧಸಾರಾಂಶದ ಇಂಗ್ಲಿಷ್ ಅನುವಾದವನ್ನು ಕುರಿತು

1

ಕನ್ನಡದಲ್ಲಿ ಬರೆದ ತಾಂತ್ರಿಕ ಪ್ರಬಂಧವೊಂದರ ಸಾರಾಂಶವನ್ನು ಅಂತರರಾಷ್ಟ್ರೀಯ ನಿಯತಕಾಲಿಕೆಗಾಗಿ ಇಂಗ್ಲಿಷಿಗೆ ತರುವಾಗ ಕಷ್ಟವೆಲ್ಲ ಪಾರಿಭಾಷಿಕ ಪದಗಳಲ್ಲಿದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆ ಪೂರ್ಣವಾಗಿ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಪಾರಿಭಾಷಿಕ ಪದ ತಪ್ಪಿದರೆ ಅದನ್ನು ಆ ಶಾಸ್ತ್ರದ ಮೊದಲ ಓದುಗನೇ ಗುರುತಿಸುತ್ತಾನೆ, ತಪ್ಪು ತಿದ್ದಲ್ಪಡುತ್ತದೆ. ಆದರೆ ‘ಕಾರಣವಾಗಿರಬಹುದು’ ಎಂದು ಲೇಖಕ ಬರೆದುದು ಅನುವಾದದಲ್ಲಿ ‘ಕಾರಣವಾಗಿದೆ’ ಎಂದಾದರೆ ಅದನ್ನು ಯಾರೂ ಗುರುತಿಸುವುದಿಲ್ಲ. ಇಂಗ್ಲಿಷ್ ವಾಕ್ಯ ವ್ಯಾಕರಣಶುದ್ಧವಾಗಿಯೇ ಇರುತ್ತದೆ, ಪದಗಳೆಲ್ಲ ಸರಿಯಾಗಿಯೇ ಇರುತ್ತವೆ. ಬದಲಾದದ್ದು ಪ್ರತಿಪಾದನೆಯ ಪ್ರಮಾಣ ಮಾತ್ರ. ಮುಂದೆ ಆ ಸಾರಾಂಶವನ್ನಷ್ಟೇ ಓದಿ ಉಲ್ಲೇಖಿಸುವವರು ಲೇಖಕ ಹೇಳದೇ ಇದ್ದ ಮಾತನ್ನು ಅವನ ಹೆಸರಿನಲ್ಲಿ ಉಲ್ಲೇಖಿಸುತ್ತಾರೆ.

ಹೇಳಿಕೆಯ ಬಲವನ್ನು ಹೀಗೆ ತಗ್ಗಿಸಿ ಮಿತಿಗೊಳಪಡಿಸುವ ಭಾಷಾಸಾಧನಗಳನ್ನು ಇಂಗ್ಲಿಷ್ ವಿದ್ವಾಂಸರು ‘ಹೆಡ್ಜಿಂಗ್’ ಎಂದು ಕರೆದಿದ್ದಾರೆ. ಕೆನ್ ಹೈಲೆಂಡರು ವಿಜ್ಞಾನ ಲೇಖನಗಳಲ್ಲಿನ ಈ ಪ್ರಯೋಗವನ್ನೇ ವಸ್ತುವಾಗಿಟ್ಟುಕೊಂಡು 1998ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ನಾವು ಇದನ್ನು ಇಲ್ಲಿ ‘ಮಿತಿಮಾತು’ ಎಂದು ಕರೆದುಕೊಳ್ಳುತ್ತೇವೆ. ಮಿತಿಮಾತು ವಿನಯದ ಅಲಂಕಾರವಲ್ಲ. ಎಷ್ಟು ಅಳೆದಿದ್ದೇವೆಯೋ ಅಷ್ಟನ್ನೇ ಹೇಳುತ್ತೇವೆ ಎಂಬ ಕರಾರು ಅದು. ಇಂಗ್ಲಿಷಿನಲ್ಲಿ ಈ ಕರಾರು ಬಹುಮಟ್ಟಿಗೆ ಬಿಡಿಪದಗಳಲ್ಲಿ ನೆಲಸಿರುತ್ತದೆ. ಕನ್ನಡದಲ್ಲಿ ಅದು ಬಹುಮಟ್ಟಿಗೆ ಕ್ರಿಯಾಪದದ ತುದಿಯಲ್ಲಿರುತ್ತದೆ. ವಾಕ್ಯದ ಕೊನೆಯ ಎರಡು ಮೂರು ಅಕ್ಷರಗಳನ್ನು ಅವಸರದಲ್ಲಿ ಓದಿದ ಅನುವಾದಕ ಕರಾರನ್ನೇ ಕಳೆದುಬಿಡುತ್ತಾನೆ.

ಇದೀಗ ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ಕಾರಣವಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಪದವಿಶಿಕ್ಷಣಕ್ಕೆ ಅನುಮತಿ ನೀಡಿತು. ಪುಣೆಯ ಪಿಂಪ್ರಿ ಚಿಂಚವಡ ಎಂಜಿನಿಯರಿಂಗ್ ಕಾಲೇಜು ಅದೇ ವರ್ಷ ಮರಾಠಿಯಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ತರಗತಿಯನ್ನು ಆರಂಭಿಸಿತು. ದೇಶಭಾಷೆಯಲ್ಲಿ ಕಲಿತವರು ದೇಶಭಾಷೆಯಲ್ಲಿ ಪ್ರಬಂಧ ಬರೆದು, ಅದರ ಸಾರವನ್ನು ಇಂಗ್ಲಿಷಿನಲ್ಲಿ ಹೊರಗಿನ ಓದುಗರ ಮುಂದಿಡಬೇಕಾಗುವ ಸಂದರ್ಭಗಳು ಇದರಿಂದ ಒದಗುತ್ತವೆ. ಆ ಸಂದರ್ಭದಲ್ಲಿ ಅನುವಾದಕನ ಹೊಣೆ ಏನೆಂಬುದನ್ನು ಒಂದು ಸಾರಾಂಶವನ್ನೇ ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಪರಿಶೀಲನೆಗೆಂದು ನಾವು ಆರಿಸಿಕೊಂಡ ವಿಷಯ ಪುಣೆಯಿಂದ ಕೊಲ್ಲಾಪುರ, ಬೆಳಗಾವಿಗಳವರೆಗೆ ಹಬ್ಬಿರುವ ಕಬ್ಬಿನ ಸೀಮೆಗೆ ಸೇರಿದ್ದು. ಈ ಸೀಮೆಯ ಸಕ್ಕರೆ ಕಾರ್ಖಾನೆಗಳು ರಸ ಹಿಂಡಿದ ಬಳಿಕ ಉಳಿಯುವ ಕಬ್ಬಿನ ಸಿಪ್ಪೆಯನ್ನು ಬಾಯ್ಲರುಗಳಲ್ಲಿ ಉರಿಸುತ್ತವೆ. ಉಳಿಯುವ ಬೂದಿಯಲ್ಲಿ ಸಿಲಿಕಾ ಹೇರಳವಾಗಿರುತ್ತದೆ. ಆದುದರಿಂದ ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಈ ಬೂದಿಯನ್ನು ಹಾಕುವ ಪ್ರಯೋಗ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತವಾದ ವಸ್ತು. ಮುಂದೆ ಕೊಟ್ಟಿರುವ ಸಾರಾಂಶ ಯಾವ ಒಬ್ಬ ವಿದ್ಯಾರ್ಥಿಯದೂ ಅಲ್ಲ. ಇಂಥ ಬರಹಗಳ ಸಾಮಾನ್ಯ ರೀತಿಯನ್ನು ಅನುಸರಿಸಿ ಉದಾಹರಣೆಗಾಗಿ ನಾವೇ ರಚಿಸಿಕೊಂಡದ್ದು. ಅದರಲ್ಲಿನ ಅಂಕಿಗಳೂ ಉದಾಹರಣೆಯ ಅಂಕಿಗಳೇ.

“ಕಬ್ಬಿನ ಸಿಪ್ಪೆಯ ಬೂದಿಯನ್ನು ಸಿಮೆಂಟಿಗೆ ಭಾಗಶಃ ಬದಲಿಯಾಗಿ ಬಳಸಿದ ಕಾಂಕ್ರೀಟನ್ನು ಈ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ತೂಕದ ಲೆಕ್ಕದಲ್ಲಿ ಸಿಮೆಂಟಿನ ಶೇ. 5, 10, 15 ಮತ್ತು 20 ಭಾಗವನ್ನು ಬೂದಿಯಿಂದ ಬದಲಿಸಿ, 28 ದಿನಗಳ ಬಳಿಕ ಘನಾಕೃತಿಯ ಮಾದರಿಗಳನ್ನು ಪರೀಕ್ಷಿಸಲಾಯಿತು. ಶೇ. 10 ಬೂದಿ ಸೇರಿಸಿದಾಗ ಸಂಪೀಡನ ಸಾಮರ್ಥ್ಯವು ಶೇ. 7ರಷ್ಟು, ಗಣನೀಯವಾಗಿ, ಹೆಚ್ಚಿರುವುದು ಕಂಡುಬಂದಿತು. ಬೂದಿಯಲ್ಲಿನ ಸಿಲಿಕಾ ಸುಣ್ಣದೊಡನೆ ವರ್ತಿಸಿದ್ದು ಇದಕ್ಕೆ ಕಾರಣವಾಗಿರಬಹುದು. ಬೂದಿ ಶೇ. 15ನ್ನು ಮೀರಿದರೆ ಸಾಮರ್ಥ್ಯ ಕುಗ್ಗುತ್ತದೆ. ಆದ್ದರಿಂದ ಶೇ. 10ರವರೆಗೆ ಬೂದಿಯನ್ನು ಕಾಂಕ್ರೀಟಿನಲ್ಲಿ ಬಳಸಬಹುದು. ಇದರಿಂದ ವೆಚ್ಚವೂ ಕಡಿಮೆಯಾದೀತು.”

ಈ ಏಳು ವಾಕ್ಯಗಳಲ್ಲಿ ಮೊದಲ ಎರಡು ತೊಡಕಿಲ್ಲದವು. ಏನು ಮಾಡಲಾಯಿತೆಂಬುದನ್ನು ಅವು ಹೇಳುತ್ತವೆ. ಉಳಿದ ಐದು ವಾಕ್ಯಗಳ ಕ್ರಿಯಾಪದಗಳು ಐದು: ‘ಕಂಡುಬಂದಿತು’, ‘ಕಾರಣವಾಗಿರಬಹುದು’, ‘ಕುಗ್ಗುತ್ತದೆ’, ‘ಬಳಸಬಹುದು’, ‘ಕಡಿಮೆಯಾದೀತು’. ಐದರ ಬಲವೂ ಬೇರೆ ಬೇರೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಆದರೆ ಅವಸರದ ಅನುವಾದಕ ಇವನ್ನು ಹೇಗೆ ತರುತ್ತಾನೆಂಬುದನ್ನು ಊಹಿಸುವುದು ಕಷ್ಟವಲ್ಲ: ‘ಸಿಗ್ನಿಫಿಕೆಂಟ್ಲಿ ಇನ್‌ಕ್ರೀಸಸ್’, ‘ಡ್ಯೂ ಟು’, ‘ಡಿಕ್ರೀಸಸ್’, ‘ಕ್ಯಾನ್ ಬಿ ಯೂಸ್ಡ್’, ‘ರೆಡ್ಯೂಸಸ್ ದ ಕಾಸ್ಟ್’. ಐದು ಬಲಗಳು ಒಂದೇ ಬಲವಾದವು. ಅಳತೆ, ಊಹೆ, ನಿಯಮ, ಶಿಫಾರಸು, ನಿರೀಕ್ಷೆ ಇವೆಲ್ಲ ಒಂದೇ ದೃಢ ವರ್ತಮಾನಕಾಲದಲ್ಲಿ ಕರಗಿಹೋದವು. ಇದಕ್ಕೆ ವಿರುದ್ಧವಾದ ಇನ್ನೊಂದು ದೋಷವೂ ಉಂಟು. ಅತಿ ಜಾಗರೂಕನಾದ ಅನುವಾದಕ ಪ್ರತಿ ವಾಕ್ಯಕ್ಕೂ ‘ಮೇ’ ಅಥವಾ ‘ಅಪಿಯರ್ಸ್ ಟು’ ಎಂಬುದನ್ನು ಅಂಟಿಸುತ್ತಾನೆ. ಆಗ ಲೇಖಕ ನಿಜವಾಗಿ ಅಳೆದು ತಿಳಿದದ್ದೂ ಸಂದೇಹವಾಗಿ ಕಾಣುತ್ತದೆ. ಎರಡೂ ಮೂಲಕ್ಕೆ ಅಪಚಾರವೇ.

3

ಮೊದಲು ‘ಬಹುದು’ ಎಂಬುದನ್ನೇ ತೆಗೆದುಕೊಳ್ಳೋಣ. ಇದು ‘ಬರು’ ಧಾತುವಿಗೆ ಸೇರಿದ ರೂಪ. ‘ಬರುವುದು’ ಎಂಬುದೇ ಇದರ ಮೂಲಾರ್ಥ. ಬರುವುದು, ಒದಗುವುದು, ಸಲ್ಲುವುದು ಎಂಬ ಅರ್ಥಗಳ ಮೂಲಕ ಇದು ಸಾಧ್ಯತೆಯನ್ನೂ ಅನುಮತಿಯನ್ನೂ ಸೂಚಿಸುವ ಸಹಾಯಕ ಪದವಾಗಿ ನೆಲೆನಿಂತಿದೆ. ಪುಣೆಯಲ್ಲಿ ಕುಳಿತು ಓದುವವರಿಗೆ ಮರಾಠಿಯ ‘ವಾಪರತಾ ಯೇತೆ’ ಎಂಬ ಪ್ರಯೋಗ ಕೂಡಲೇ ನೆನಪಾಗದಿರದು. ಅಲ್ಲಿಯೂ ‘ಬರುತ್ತದೆ’ ಎಂಬರ್ಥದ ಕ್ರಿಯಾಪದವೇ ‘ಬಳಸಬಹುದು’ ಎಂಬ ಅರ್ಥವನ್ನು ಹೊತ್ತಿದೆ. ಆದರೆ ಮರಾಠಿ ಈ ಹೊರೆಯನ್ನು ಹಂಚಿಕೊಂಡಿದೆ. ‘ಹೆಚ್ಚಬಹುದು’ ಎನ್ನಲು ಅದು ಸಾಮಾನ್ಯವಾಗಿ ‘ವಾಢೂ ಶಕತೆ’ ಎಂಬ ಬೇರೊಂದು ರೂಪವನ್ನು ಬಳಸುತ್ತದೆ. ‘ಹೆಚ್ಚಿರಬೇಕು, ಹಾಗೆಂದು ತೋರುತ್ತದೆ’ ಎಂಬ ಊಹೆಗೆ ‘ವಾಢಲೀ ಅಸಾವೀ’ ಎನ್ನುತ್ತದೆ. ಕನ್ನಡದಲ್ಲಿ ಈ ಕೆಲಸಗಳ ಬಹುಪಾಲನ್ನು ‘ಬಹುದು’ ಒಂದೇ ನಿರ್ವಹಿಸುತ್ತದೆ.

ಆದುದರಿಂದ ‘ಬಳಸಬಹುದು’ ಎಂಬ ರೂಪಕ್ಕೆ ಇಂಗ್ಲಿಷಿನಲ್ಲಿ ಕನಿಷ್ಠ ಮೂರು ಅರ್ಥಗಳು ಸಾಧ್ಯ. ಬಳಸಲು ಶಕ್ಯವಿದೆ ಎಂಬುದು ಒಂದು, ಅದು ‘ಕ್ಯಾನ್’. ಬಳಸಲು ಅನುಮತಿಯಿದೆ ಎಂಬುದು ಎರಡನೆಯದು, ಅದು ‘ಮೇ’. ಬಳಸುವ ಸಂಭವವಿದೆ ಎಂಬುದು ಮೂರನೆಯದು. ಅದೂ ‘ಮೇ’ ಅಥವಾ ‘ಮೈಟ್’. ಸಂದರ್ಭವೇ ಇವನ್ನು ಬಿಡಿಸಬೇಕು. ಆದರೆ ಕನ್ನಡ ವ್ಯಾಕರಣ ಒಂದು ನೆರವನ್ನು ಒದಗಿಸುತ್ತದೆ. ಅನುವಾದಕರು ಅದನ್ನು ಸಾಮಾನ್ಯವಾಗಿ ಬಳಸಿಕೊಳ್ಳುವುದಿಲ್ಲ. ‘ಬಳಸಬಹುದು’, ‘ಹೆಚ್ಚಬಹುದು’ ಎಂಬಲ್ಲಿ ಧಾತುವಿನ ಭಾವರೂಪಕ್ಕೆ ‘ಬಹುದು’ ಸೇರಿದೆ, ಇದು ಸಂದಿಗ್ಧ. ‘ಹೆಚ್ಚಿರಬಹುದು’, ‘ಕಾರಣವಾಗಿರಬಹುದು’ ಎಂಬಲ್ಲಿ ಭೂತಕೃದಂತಾವ್ಯಯ ಹಾಗೂ ‘ಇರು’ ಧಾತುವಿನ ಮೂಲಕ ‘ಬಹುದು’ ಸೇರಿದೆ. ಇಂಥ ವರದಿಗಳಲ್ಲಿ ಇದು ಸಂದಿಗ್ಧವಲ್ಲ. ಇಲ್ಲಿ ಅನುಮತಿಯ ಅರ್ಥ ಹೊಂದುವುದಿಲ್ಲ. ಆಗಿಹೋದ ಸಂಗತಿಯನ್ನು ಕುರಿತು ಲೇಖಕನ ಊಹೆ ಎಂಬುದೊಂದೇ ಅದರ ಅರ್ಥ. ಸಾರಾಂಶದ ನಾಲ್ಕನೆಯ ವಾಕ್ಯವನ್ನು ‘ಮೇ ಬಿ ಡ್ಯೂ ಟು’ ಎಂದು ತರುವುದು ಸರಿ. ‘ಈಸ್ ಡ್ಯೂ ಟು’ ಎಂಬುದು ಸುಳ್ಳು.

ಇದು ಕೇವಲ ವ್ಯಾಕರಣದ ಮಾತಲ್ಲ, ಪ್ರಯೋಗಶಾಲೆಯ ಮಾತೂ ಹೌದು. ಬೂದಿಯ ಸಿಲಿಕಾ ಸುಣ್ಣದೊಡನೆ ವರ್ತಿಸಬೇಕಾದರೆ ಅದು ಸ್ಫಟಿಕರೂಪಕ್ಕೆ ತಿರುಗಿರಬಾರದು, ಬೂದಿಯನ್ನು ಸಾಕಷ್ಟು ನುಣ್ಣಗೆ ಅರೆದಿರಬೇಕು. ಬಾಯ್ಲರಿನ ಉಷ್ಣತೆ ತೀರ ಹೆಚ್ಚಿದ್ದರೆ ಸಿಲಿಕಾ ಸ್ಫಟಿಕವಾಗುತ್ತದೆ. ಕಡಿಮೆಯಿದ್ದರೆ ಉರಿಯದ ಇಂಗಾಲ ಬೂದಿಯಲ್ಲಿ ಉಳಿಯುತ್ತದೆ. ಇದಲ್ಲದೆ ನುಣ್ಣನೆಯ ಪುಡಿ ಕಾಂಕ್ರೀಟಿನ ಸಣ್ಣ ತೆರಪುಗಳನ್ನು ತುಂಬುವುದರಿಂದಲೂ, ಯಾವ ರಾಸಾಯನಿಕ ಕ್ರಿಯೆಯೂ ಇಲ್ಲದೆ, ಸಾಮರ್ಥ್ಯ ಸ್ವಲ್ಪ ಹೆಚ್ಚಲು ಅವಕಾಶವಿದೆ. ಇವೆರಡರಲ್ಲಿ ಯಾವುದು ನಡೆಯಿತೆಂದು ತಿಳಿಯಲು ಕ್ಷ-ಕಿರಣ ವಿವರ್ತನೆಯ ಪರೀಕ್ಷೆಯೋ, ಎಷ್ಟು ಸುಣ್ಣ ಬಳಕೆಯಾಯಿತೆಂಬ ಅಳತೆಯೋ ಬೇಕು. ಪ್ರಬಂಧದಲ್ಲಿ ಅವು ಇಲ್ಲದಿದ್ದರೆ ‘ಕಾರಣವಾಗಿರಬಹುದು’ ಎಂಬ ರೂಪ ಲೇಖಕನ ಪ್ರಾಮಾಣಿಕತೆಯ ಗುರುತು. ಅದನ್ನು ಅಳಿಸಿದ ಅನುವಾದಕ, ಮಾಡದ ಪರೀಕ್ಷೆಯನ್ನು ಮಾಡಿದಂತೆ ತೋರಿಸಿದ ಹಾಗಾಯಿತು.

ಆರನೆಯ ವಾಕ್ಯದ ‘ಬಳಸಬಹುದು’ ಎಂಬುದಕ್ಕೆ ‘ಮೇ ಬಿ ಯೂಸ್ಡ್’ ಎಂದು ಬರೆದರೆ ಇನ್ನೊಂದು ಅಪಾಯ. ಎಂಜಿನಿಯರಿಂಗ್ ಸಂಹಿತೆಗಳ ಇಂಗ್ಲಿಷಿನಲ್ಲಿ ‘ಮೇ’ ಎಂದರೆ ಅನುಮತಿ. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 456ರ 2000ದ ಆವೃತ್ತಿ ಸಿಮೆಂಟಿನೊಡನೆ ಸೇರಿಸುವ ಇಂಥ ಪದಾರ್ಥಗಳಲ್ಲಿ ಹಾರುಬೂದಿಯನ್ನೂ ಭತ್ತದ ಹೊಟ್ಟಿನ ಬೂದಿಯನ್ನೂ ಹೆಸರಿಸುತ್ತದೆ, ಕಬ್ಬಿನ ಸಿಪ್ಪೆಯ ಬೂದಿಯನ್ನು ಹೆಸರಿಸುವುದಿಲ್ಲ. ಆದ್ದರಿಂದ ಹೊರದೇಶದ ಎಂಜಿನಿಯರನೊಬ್ಬ ಆ ‘ಮೇ’ ಪದವನ್ನು ಓದಿ, ಭಾರತದಲ್ಲಿ ಇದಕ್ಕೆ ಮಾನಕದ ಸಮ್ಮತಿಯಿದೆ ಎಂದು ತಿಳಿದರೆ ಅದು ಅವನ ತಪ್ಪಲ್ಲ. ಇಲ್ಲಿ ಲೇಖಕನ ಉದ್ದೇಶ ಶಕ್ಯತೆ. ಅದೂ ತಾನು ಪರೀಕ್ಷಿಸಿದ ಗುಣದ ಮಟ್ಟಿಗೆ. ‘ಕುಡ್ ಬಿ ಯೂಸ್ಡ್’ ಎಂದು ತಂದು, ‘ಪರೀಕ್ಷಿಸಿದ ಸಾಮರ್ಥ್ಯದ ದೃಷ್ಟಿಯಿಂದ’ ಎಂಬ ಅರ್ಥದ ನಾಲ್ಕು ಪದಗಳನ್ನು ಸೇರಿಸುವ ಅಗತ್ಯವಿದೆಯೇ ಎಂದು ಲೇಖಕನನ್ನು ಕೇಳುವುದು ಉಚಿತವಾದ ಮಾರ್ಗ.

ಕೊನೆಯ ‘ಕಡಿಮೆಯಾದೀತು’ ಎಂಬುದು ಕನ್ನಡದ ವಿಶಿಷ್ಟವಾದ ಸಂಭಾವನಾರೂಪ. ‘ಕಡಿಮೆಯಾಗುತ್ತದೆ’ ಎಂಬುದು ನಿಶ್ಚಯ. ‘ಕಡಿಮೆಯಾಗಬಹುದು’ ಎಂಬುದು ಸಾಧ್ಯತೆ. ‘ಕಡಿಮೆಯಾದೀತು’ ಎಂಬುದು ಲೇಖಕ ಅಳೆಯದೆ, ಆದರೆ ನಿರೀಕ್ಷೆಯಿಂದ, ಆಡಿದ ಮಾತು. ಇಂಗ್ಲಿಷಿನಲ್ಲಿ ಇದಕ್ಕೆ ಪ್ರತ್ಯಯವಿಲ್ಲ. ‘ಮೈಟ್’ ಎಂಬುದು ಹತ್ತಿರದ ಪದ. ಬೂದಿಯನ್ನು ಅರೆಯುವ, ಸಾಗಿಸುವ ವೆಚ್ಚವನ್ನು ಪ್ರಬಂಧ ಲೆಕ್ಕಹಾಕಿಲ್ಲವಾದರೆ ‘ಮೈಟ್’ ಪದಕ್ಕಿಂತ ಬಲವಾದುದು ಯಾವುದೂ ಇಲ್ಲಿ ಸಲ್ಲದು.

4

ಎರಡನೆಯ ತೊಡಕು ಕಾಲಕ್ಕೂ ನಿರ್ದೇಶಕ್ಕೂ ಸಂಬಂಧಿಸಿದ್ದು. ಕನ್ನಡದ ‘ಕುಗ್ಗುತ್ತದೆ’ ಎಂಬ ರೂಪ ಈಗ ನಡೆಯುವುದನ್ನೂ, ಸದಾ ನಡೆಯುವುದನ್ನೂ, ಮುಂದೆ ನಡೆಯಲಿರುವುದನ್ನೂ ಹೇಳಬಲ್ಲದು. ಕಾಲ, ಸ್ಥಿತಿ ಮತ್ತು ಅರ್ಥ ಎಂಬ ಈ ಮೂರರಲ್ಲಿ ಯಾವುದು ಯಾವ ಭಾಷೆಯಲ್ಲಿ ಪ್ರಧಾನವೆಂಬ ಪ್ರಶ್ನೆಯನ್ನು ಡಿ. ಎನ್. ಶಂಕರಭಟ್ಟರು 1999ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಕೆಲಸ ಮಾಡಿದ ಈ ಕನ್ನಡ ವಿದ್ವಾಂಸರು ಎತ್ತಿದ ಪ್ರಶ್ನೆ ತಾಂತ್ರಿಕ ಅನುವಾದಕನಿಗೂ ಪ್ರಸ್ತುತವೆಂಬುದು ನಮ್ಮ ಗ್ರಹಿಕೆ. ಏಕೆಂದರೆ ಇಂಗ್ಲಿಷ್ ಸಾರಾಂಶಗಳಲ್ಲಿ ಕಾಲವೇ ಮಿತಿಮಾತಿನ ಒಂದು ಸಾಧನ. ಭೂತಕಾಲದಲ್ಲಿ ಹೇಳಿದರೆ ‘ನಮ್ಮ ಮಾದರಿಗಳಲ್ಲಿ ಹೀಗಾಯಿತು’ ಎಂದರ್ಥ. ವರ್ತಮಾನದಲ್ಲಿ ಹೇಳಿದರೆ ‘ಇದು ಹೀಗೆಯೇ’ ಎಂಬ ಸಾಮಾನ್ಯ ನಿಯಮ.

ಐದನೆಯ ವಾಕ್ಯವನ್ನು ಈ ಬೆಳಕಿನಲ್ಲಿ ನೋಡಬೇಕು. ‘ಶೇ. 15ನ್ನು ಮೀರಿದರೆ ಸಾಮರ್ಥ್ಯ ಕುಗ್ಗುತ್ತದೆ’ ಎಂದಿದೆ. ಎರಡನೆಯ ವಾಕ್ಯಕ್ಕೆ ಹಿಂದಿರುಗಿದರೆ ಶೇ. 15ನ್ನು ಮೀರಿದ ಒಂದೇ ಒಂದು ಮಿಶ್ರಣವನ್ನು, ಅಂದರೆ ಶೇ. 20ರದನ್ನು, ಪರೀಕ್ಷಿಸಲಾಗಿದೆ ಎಂದು ತಿಳಿಯುತ್ತದೆ. ಹಾಗಾದರೆ ಶೇ. 16ರಲ್ಲಿ ಏನಾಗುತ್ತದೆಂಬುದು ಪ್ರಬಂಧಕ್ಕೆ ತಿಳಿಯದು. ಇಂಗ್ಲಿಷಿನಲ್ಲಿ ‘ಡಿಕ್ರೀಸಸ್ ಬಿಯಾಂಡ್ 15 ಪರ್ಸೆಂಟ್’ ಎಂದು ಬರೆದರೆ ಒಂದು ಬಿಂದುವಿನ ಅಳತೆ ಒಂದು ರೇಖೆಯ ನಿಯಮವಾಗುತ್ತದೆ. ಕನ್ನಡದಲ್ಲಿಯೂ ಅದು ಸ್ವಲ್ಪ ಹೆಚ್ಚಾದ ಮಾತೇ. ಆದರೆ ಕನ್ನಡದ ರೂಪಕ್ಕೆ ಇರುವ ವ್ಯಾಪ್ತಿಯಲ್ಲಿ ‘ನಾವು ಕಂಡಂತೆ ಕುಗ್ಗುತ್ತದೆ’ ಎಂಬ ಅರ್ಥಕ್ಕೂ ಎಡೆಯಿದೆ. ಇಂಗ್ಲಿಷ್ ವರ್ತಮಾನಕಾಲದಲ್ಲಿ ಆ ಎಡೆ ಕಿರಿದು.

ಇದಕ್ಕೆ ಹೊಂದಿಕೊಂಡೇ ನಿರ್ದೇಶಕ ಉಪಪದದ ಸಮಸ್ಯೆಯಿದೆ. ಇಂಗ್ಲಿಷಿನ ‘ದ’ ಎಂಬುದಕ್ಕೆ ಸಮಾನವಾದ ಕಡ್ಡಾಯದ ಪದ ಕನ್ನಡದಲ್ಲಿಲ್ಲ. ‘ಬೂದಿ’ ಎಂದರೆ ಲೇಖಕ ಒಂದು ಕಾರ್ಖಾನೆಯಿಂದ ತಂದು ಜರಡಿ ಹಿಡಿದ ಆ ಬೂದಿಯೂ ಹೌದು, ಲೋಕದ ಎಲ್ಲ ಕಬ್ಬಿನ ಸಿಪ್ಪೆಯ ಬೂದಿಯೂ ಹೌದು. ಕನ್ನಡದ ಓದುಗ ಸಂದರ್ಭದಿಂದ ಮೊದಲನೆಯದನ್ನು ಗ್ರಹಿಸುತ್ತಾನೆ. ಇಂಗ್ಲಿಷಿನಲ್ಲಿ ಉಪಪದವಿಲ್ಲದೆ ‘ಬಗಾಸ್ ಆ್ಯಶ್’ ಎಂದು ಬರೆದರೆ ಎರಡನೆಯದೇ ಆಗುತ್ತದೆ. ಒಂದು ಕಾರ್ಖಾನೆಯ ಬೂದಿಗೂ ಇನ್ನೊಂದರ ಬೂದಿಗೂ ಎಷ್ಟು ವ್ಯತ್ಯಾಸವಿರಬಲ್ಲದೆಂಬುದನ್ನು ಮೇಲೆ ಹೇಳಿದ್ದೇವೆ. ಆದುದರಿಂದ ‘ದ ಆ್ಯಶ್ ಟೆಸ್ಟೆಡ್’ ಎಂಬ ಮೂರು ಪದಗಳು ಮೂಲದಲ್ಲಿ ಕಾಣದಿದ್ದರೂ ಮೂಲಕ್ಕೆ ನಿಷ್ಠವಾದವು. ಉಪಪದರಹಿತವಾದ ಶಬ್ದಶಃ ಅನುವಾದವೇ ಮೂಲವನ್ನು ಮೀರಿದ್ದು. ಪದಕ್ಕೆ ಪದ ಇಟ್ಟರೆ ನಿಷ್ಠೆ ತಾನಾಗಿ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

5

ಮೂರನೆಯ ವಾಕ್ಯದಲ್ಲಿ ಎರಡು ಪದಗಳು ವಿಚಾರಾರ್ಹವಾಗಿವೆ. ಒಂದು ‘ಸೇರಿಸಿದಾಗ’, ಇನ್ನೊಂದು ‘ಗಣನೀಯವಾಗಿ’.

‘ಸೇರಿಸಿದಾಗ ಹೆಚ್ಚಿತು’ ಎಂಬುದಕ್ಕೂ ‘ಸೇರಿಸಿದ್ದರಿಂದ ಹೆಚ್ಚಿತು’ ಎಂಬುದಕ್ಕೂ ಇರುವ ಅಂತರ ದೊಡ್ಡದು. ಮೊದಲನೆಯದು ಎರಡು ಸಂಗತಿಗಳನ್ನು ಜೊತೆಗಿಡುತ್ತದೆ. ಎರಡನೆಯದು ಅವುಗಳ ನಡುವೆ ಕಾರಣಸಂಬಂಧವನ್ನು ಕಟ್ಟುತ್ತದೆ. ‘ಬೂದಿಯನ್ನು ಸೇರಿಸುವುದು ಸಾಮರ್ಥ್ಯವನ್ನು ಹೆಚ್ಚಿಸುತ್ತದೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಸುಂದರವಾಗಿ ಓಡುತ್ತದೆ, ಆದರೆ ಅದು ಎರಡನೆಯ ಬಗೆಯದು. ಒಂದು ಕಾರಣಪದದ ಭಾರ ಎಷ್ಟೆಂಬುದನ್ನು ಅರಿಯಲು ಪುಣೆಗೆ ದಕ್ಷಿಣದಲ್ಲಿ, ಸಾತಾರಾ ಜಿಲ್ಲೆಯಲ್ಲಿರುವ ಕೋಯ್ನಾ ಜಲಾಶಯದ ವಿಷಯವನ್ನು ನೆನೆಯಬಹುದು. 1967ರ ಡಿಸೆಂಬರ್ 11ರಂದು ಅಲ್ಲಿ ಸಂಭವಿಸಿದ ಭೂಕಂಪಕ್ಕೂ ಜಲಾಶಯದ ನೀರಿಗೂ ಇರುವ ಸಂಬಂಧ ಲೋಕಪ್ರಸಿದ್ಧವಾದ ಚರ್ಚೆ. ಆ ವಿಷಯದಲ್ಲಿ ಪ್ರಮಾಣಭೂತರಾದ ಹರ್ಷ ಗುಪ್ತರ 1992ರ ಗ್ರಂಥದ ಶೀರ್ಷಿಕೆಯಲ್ಲಿ ಇರುವ ಪದ ‘ಇಂಡ್ಯೂಸ್ಡ್’. ಅವರ 2002ರ ಸಮೀಕ್ಷಾಲೇಖನದ ಶೀರ್ಷಿಕೆಯಲ್ಲಿ ಇರುವುದು ‘ಟ್ರಿಗರ್ಡ್’. ನಡುವೆ 1997ರಲ್ಲಿ ಮೆಕ್‌ಗಾರ್ ಮತ್ತು ಸಿಂಪ್ಸನ್ ಎಂಬ ವಿಜ್ಞಾನಿಗಳು ಈ ಎರಡು ಪದಗಳನ್ನು ಬೇರ್ಪಡಿಸಿದ್ದರು. ಮನುಷ್ಯನ ಕೆಲಸದಿಂದ ಉಂಟಾದ ಒತ್ತಡವೇ ಬಹುಪಾಲು ಕಾರಣವಾದರೆ ಮೊದಲನೆಯ ಪದ. ನೆಲದೊಳಗೆ ಮೊದಲೇ ಕೂಡಿದ್ದ ಒತ್ತಡಕ್ಕೆ ಅದು ಸಣ್ಣದೊಂದು ಪಾಲನ್ನಷ್ಟೇ ಸೇರಿಸಿದ್ದರೆ ಎರಡನೆಯದು. ಕನ್ನಡದಲ್ಲಿ ‘ಪ್ರೇರಿತ’, ‘ಪ್ರಚೋದಿತ’ ಎಂಬ ಎರಡು ಪದಗಳನ್ನು ನಾವು ಬಹುತೇಕ ಪರ್ಯಾಯಗಳಂತೆ ಬಳಸುತ್ತೇವೆ. ಕೋಯ್ನಾ ಕುರಿತ ಕನ್ನಡ ಸಾರಾಂಶದಲ್ಲಿ ಇವುಗಳಲ್ಲಿ ಯಾವುದು ಬಂದರೂ, ಲೇಖಕ ಯಾವ ಪಕ್ಷದವನೆಂದು ಪ್ರಬಂಧದ ಒಡಲನ್ನು ನೋಡದೆ ಅನುವಾದಕ ನಿರ್ಧರಿಸುವಂತಿಲ್ಲ.

ಮತ್ತೆ ನಮ್ಮ ಬೂದಿಗೆ ಬರೋಣ. ‘ಗಣನೀಯ’ ಎಂದರೆ ಎಣಿಕೆಗೆ ತೆಗೆದುಕೊಳ್ಳತಕ್ಕದ್ದು, ಅಲ್ಲಗಳೆಯಲಾಗದ್ದು. ನಿಘಂಟುಗಳ ಅಭ್ಯಾಸದಿಂದ ಇದಕ್ಕೆ ‘ಸಿಗ್ನಿಫಿಕೆಂಟ್’ ಎಂಬ ಪದ ಕೈಗೆ ಬರುತ್ತದೆ. ಆದರೆ ವಿಜ್ಞಾನದ ಇಂಗ್ಲಿಷಿನಲ್ಲಿ ಆ ಪದಕ್ಕೆ ಸಂಖ್ಯಾಶಾಸ್ತ್ರದ ಅರ್ಥ ಬೇರೂರಿದೆ: ವ್ಯತ್ಯಾಸ ಕೇವಲ ಆಕಸ್ಮಿಕವಲ್ಲವೆಂದು ಪರೀಕ್ಷೆಯಿಂದ ತೋರಿಸಲಾಗಿದೆ ಎಂಬ ಅರ್ಥ. ಪ್ರಬಂಧದಲ್ಲಿ ಅಂಥ ಪರೀಕ್ಷೆ ನಡೆದಿದೆಯೇ ಎಂಬುದನ್ನು ಒಳಗಿನ ಕೋಷ್ಟಕಗಳೇ ಹೇಳಬೇಕು.

ಉದಾಹರಣೆಗೆ, ಬೂದಿಯಿಲ್ಲದ ಮೂರು ಘನಗಳ ಸಾಮರ್ಥ್ಯ ಚದರ ಮಿಲಿಮೀಟರಿಗೆ 31.2, 33.0 ಮತ್ತು 34.8 ನ್ಯೂಟನ್ ಎಂದೂ, ಶೇ. 10 ಬೂದಿಯ ಮೂರು ಘನಗಳದು 33.4, 35.2 ಮತ್ತು 37.3 ಎಂದೂ ಇಟ್ಟುಕೊಳ್ಳೋಣ. ಸರಾಸರಿಗಳು 33.0 ಮತ್ತು 35.3, ಏರಿಕೆ ಶೇ. 7. ಐ.ಎಸ್. 456ರ ಪ್ರಕಾರ ಒಂದು ಗುಂಪಿನ ಪ್ರತಿಯೊಂದು ಘನವೂ ಆ ಗುಂಪಿನ ಸರಾಸರಿಯಿಂದ ಶೇ. 15ಕ್ಕಿಂತ ಹೆಚ್ಚು ದೂರ ಹೋಗಿರಬಾರದು. ಇಲ್ಲಿ ಯಾವುದೂ ಹೋಗಿಲ್ಲವಾದ್ದರಿಂದ ಪರೀಕ್ಷೆ ಅಂಗೀಕಾರಾರ್ಹ. ಆದರೆ ಬೂದಿಯಿಲ್ಲದ ಗುಂಪಿನ ಅತ್ಯುತ್ತಮ ಘನ ಬೂದಿಯಿರುವ ಗುಂಪಿನ ಕನಿಷ್ಠ ಘನಕ್ಕಿಂತ ಬಲವಾಗಿದೆ. ಎರಡು ಗುಂಪುಗಳೂ ಒಂದರೊಳಗೊಂದು ಹೊಕ್ಕಿವೆ. ಸರಾಸರಿಗಳ ವ್ಯತ್ಯಾಸಕ್ಕೆ ಬಳಸುವ ಸಾಮಾನ್ಯವಾದ ಟಿ-ಪರೀಕ್ಷೆಯನ್ನು ಮಾಡಿದರೆ ಬರುವ ಮೌಲ್ಯ ಸುಮಾರು 1.5. ಇಷ್ಟು ಕಡಿಮೆ ಮಾದರಿಗಳಿಗೆ, ರೂಢಿಯ ಶೇ. 5ರ ಮಟ್ಟದಲ್ಲಿ, ಅದು 2.78ನ್ನು ಮೀರಬೇಕಿತ್ತು. ಎಂದರೆ ‘ಸಿಗ್ನಿಫಿಕೆಂಟ್’ ಎಂಬ ಪದ ಇಲ್ಲಿ ಸತ್ಯವಲ್ಲ. ಕನ್ನಡದ ‘ಗಣನೀಯ’ ಸಡಿಲವಾದ ಹೊಗಳಿಕೆಯಾಗಿತ್ತು. ಅನುವಾದದಲ್ಲಿ ಅದು ನಡೆಯದ ಪರೀಕ್ಷೆಯ ಪ್ರಮಾಣಪತ್ರವಾಯಿತು.

6

ಇಲ್ಲಿ ಕಠಿಣವಾದ ಪ್ರಶ್ನೆ ಎದುರಾಗುತ್ತದೆ. ‘ಗಣನೀಯವಾಗಿ’ ಎಂಬುದು ಲೇಖಕನದೇ ಪದ. ಕೋಷ್ಟಕವನ್ನು ನೋಡಿದ ಅನುವಾದಕನಿಗೆ ಅದು ಹೆಚ್ಚಾಯಿತೆಂದು ತಿಳಿದಿದೆ. ಅವನು ಅದನ್ನು ಮೌನವಾಗಿ ಬಿಟ್ಟುಬಿಡಬಹುದೇ? ಬಿಟ್ಟರೆ ವಿಜ್ಞಾನಕ್ಕೆ ಒಳ್ಳೆಯದಾಗುತ್ತದೆ ಎಂದು ವಾದಿಸುವವರಿದ್ದಾರೆ. ಪಾಶ್ಚಾತ್ಯ ನಿಯತಕಾಲಿಕೆಯ ಪರೀಕ್ಷಕರು ಒಪ್ಪುವಂತೆ ಮಾಡುವುದೇ ಅನುವಾದಕನ ಕೆಲಸ ಎಂಬುದು ಅವರ ನಿಲುವು.

ನಾವು ಇದನ್ನು ಒಪ್ಪುವುದಿಲ್ಲ. ಪ್ರತಿಪಾದನೆಯನ್ನು ಹಿಗ್ಗಿಸುವುದು ಹೇಗೆ ಅನುವಾದಕನ ಅಧಿಕಾರವಲ್ಲವೋ ಹಾಗೆಯೇ ಅದನ್ನು ಗುಟ್ಟಾಗಿ ಕುಗ್ಗಿಸುವುದೂ ಅವನ ಅಧಿಕಾರವಲ್ಲ. ಕುಗ್ಗಿಸಿದಾಗ ಕನ್ನಡ ಪ್ರಬಂಧವೂ ಇಂಗ್ಲಿಷ್ ಸಾರಾಂಶವೂ ಬೇರೆ ಬೇರೆ ಮಾತನ್ನಾಡುತ್ತವೆ. ವಿಶ್ವವಿದ್ಯಾಲಯದಲ್ಲಿ ಉಳಿಯುವುದು ಒಂದು, ಲೋಕ ಓದುವುದು ಇನ್ನೊಂದು. ಲೇಖಕನಿಗೆ ತನ್ನ ಮಾತಿನ ದೋಷವೂ ತಿಳಿಯುವುದಿಲ್ಲ. ಸರಿಯಾದ ದಾರಿ ಕೇಳುವುದು. ಲೇಖಕ ಒಪ್ಪಿದರೆ ಕನ್ನಡ ಸಾರಾಂಶದಲ್ಲಿಯೇ ‘ಗಣನೀಯವಾಗಿ’ ಎಂಬುದು ಹೋಗಲಿ. ಬಳಿಕ ಇಂಗ್ಲಿಷಿನಲ್ಲಿ ‘ದ ಮೀನ್ ಸ್ಟ್ರೆಂಗ್ತ್ ವಾಸ್ ಅಬೌಟ್ 7 ಪರ್ಸೆಂಟ್ ಹೈಯರ್’ ಎಂದಷ್ಟೇ ಬರಲಿ. ಒಪ್ಪದಿದ್ದರೆ ಸಂಖ್ಯಾಶಾಸ್ತ್ರದ ವಾಸನೆಯಿಲ್ಲದ ‘ನೋಟಬಲ್’ ಎಂಬ ಪದವನ್ನಿಟ್ಟು, ಅದರ ಹೊಣೆಯನ್ನು ಲೇಖಕನಿಗೇ ಬಿಡಬೇಕು.

ಮಧ್ಯಕಾಲೀನ ಕಾವ್ಯಗಳ ಟೀಕೆಗಳನ್ನು ಓದಿದವರಿಗೆ ಟೀಕಾಕಾರರ ಕ್ರಮ ಪರಿಚಿತವಾದದ್ದು. ಅವರು ಮೊದಲು ಪದಗಳನ್ನು ಬಿಡಿಸುತ್ತಾರೆ, ಕ್ರಿಯಾಪದವನ್ನು ಹಿಡಿದು ಅನ್ವಯ ಮಾಡುತ್ತಾರೆ, ಆಮೇಲೆ ಅರ್ಥ ಹೇಳುತ್ತಾರೆ. ಅರ್ಥದಿಂದ ಆರಂಭಿಸಿ ಪದಕ್ಕೆ ಬರುವುದಿಲ್ಲ. ತಾಂತ್ರಿಕ ಸಾರಾಂಶಕ್ಕೂ ಇದೇ ಕ್ರಮ ಒಗ್ಗುತ್ತದೆ. ಅನುವಾದಿಸುವ ಮೊದಲು ಸಾರಾಂಶದ ಪ್ರತಿ ಪೂರ್ಣಕ್ರಿಯಾಪದವನ್ನು ಒಂದು ಹಾಳೆಯಲ್ಲಿ ಕೆಳಗೆ ಕೆಳಗೆ ಬರೆದುಕೊಳ್ಳಬೇಕು. ಅದರ ಎದುರಿಗೆ ಅದು ಅಳತೆಯೋ, ಊಹೆಯೋ, ನಿಯಮವೋ, ಶಿಫಾರಸೋ, ನಿರೀಕ್ಷೆಯೋ ಎಂದು ಗುರುತಿಸಬೇಕು. ಮೂರನೆಯ ಅಂಕಣದಲ್ಲಿ ಪ್ರಬಂಧದ ಯಾವ ಪುಟ, ಯಾವ ಕೋಷ್ಟಕ ಅದಕ್ಕೆ ಆಧಾರವೆಂದು ನಮೂದಿಸಬೇಕು. ಆಧಾರ ದೊರೆಯದ ಸಾಲು ಲೇಖಕನಿಗೆ ಕೇಳಬೇಕಾದ ಪ್ರಶ್ನೆ. ಅನುವಾದ ಮುಗಿದ ಮೇಲೆ, ಮೂಲವನ್ನು ಕಾಣದ ಇನ್ನೊಬ್ಬರಿಂದ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿ ಬರೆಯಿಸಿ, ಎರಡು ಕನ್ನಡಗಳ ಕ್ರಿಯಾಪದಗಳನ್ನಷ್ಟೇ ಹೋಲಿಸಬೇಕು. ‘ಕಾರಣವಾಗಿರಬಹುದು’ ಎಂಬುದು ‘ಕಾರಣವಾಗಿದೆ’ ಎಂದು ತಿರುಗಿ ಬಂದರೆ ಸೋರಿಕೆ ಎಲ್ಲಿ ಆಯಿತೆಂದು ತಿಳಿಯುತ್ತದೆ.

ಈ ಕ್ರಮಕ್ಕೂ ಮಿತಿಯಿದೆ. ನಿಯತಕಾಲಿಕೆಗಳು ಸಾರಾಂಶಕ್ಕೆ ಪದಗಳ ಮಿತಿಯನ್ನು ವಿಧಿಸುತ್ತವೆ. ಮಿತಿಮಾತುಗಳೇ ಮೊದಲು ಕತ್ತರಿಗೆ ಸಿಗುವ ಪದಗಳು. ಅಂಥ ಸಂದರ್ಭದಲ್ಲಿ ಏನನ್ನು ಬಿಡಬೇಕೆಂಬುದಕ್ಕೆ ನಮ್ಮ ಉತ್ತರ ಸರಳವಾದದ್ದು. ‘ವೆಚ್ಚವೂ ಕಡಿಮೆಯಾದೀತು’ ಎಂಬ ಇಡೀ ವಾಕ್ಯಖಂಡವನ್ನು ಲೇಖಕನ ಒಪ್ಪಿಗೆ ಪಡೆದು ಬಿಡಬಹುದು. ಅಲ್ಲಿನ ಸಂಭಾವನೆಯನ್ನು ಮಾತ್ರ ಬಿಟ್ಟು ಉಳಿದದ್ದನ್ನು ನಿಶ್ಚಯವಾಗಿ ಇಡಬಾರದು. ಹೇಳದೆ ಬಿಟ್ಟ ಮಾತನ್ನು ಓದುಗ ಪ್ರಬಂಧದಲ್ಲಿ ಹುಡುಕಿಕೊಳ್ಳಬಲ್ಲ. ಮಿತಿ ಕಳಚಿದ ಮಾತನ್ನು ತಿದ್ದಿಕೊಳ್ಳುವ ದಾರಿ, ಕನ್ನಡ ಬಾರದ ಆ ಓದುಗನಿಗೆ, ಇಲ್ಲ.